ಹೊಸ ವರ್ಷದ ಶುಭಾಶಯಗಳು, ಷರತ್ತುಗಳು ಅನ್ವಯ

ಡಿಸೆಂಬರ್ 26ರಿಂದ ಸಂಕ್ರಾಂತಿಯವರೆಗೆ ನಮ್ಮ ನಾಡಿನಲ್ಲಿ ದಡ್ಡರಾಗಿ ಉಳಿಯುವುದು ಬಹಳ ಕಷ್ಟ. ಮೊಬೈಲ್ ತೆರೆದರೆ ಡೇಟಾ ಸೈನ್ಸ್, ಮುಚ್ಚಿದರೆ ಡಿಜಿಟಲ್ ಮಾರ್ಕೆಟಿಂಗ್. ಹಾಡು ಕೇಳೋಣವೆಂದು ಕೂತರೆ ಪಲ್ಲವಿ ಮುಗಿದು ಚರಣ ಶುರುವಾಗುವ ಮುನ್ನ ಕೋಟು ತೊಟ್ಟ ಯುವಕನೊಬ್ಬ ನಡುವೆ ನುಗ್ಗಿ, 'ಇನ್ನೂ ಎಷ್ಟು ವರ್ಷ ಇದೇ ಸಂಬಳದಲ್ಲಿ ಇರ್ತೀರಿ?' ಎಂದು ಕೇಳುತ್ತಾನೆ. ಹೆಣ್ಣು ಕೊಡುವ ಮುಂಚೆ ನನ್ನ ಮಾವನವರು ಕೂಡ ಇಷ್ಟು ನೇರವಾಗಿ ಕೇಳಿರಲಿಲ್ಲ.

ಕೋರ್ಸಿನ ಬೆಲೆ 1,20,000 ರೂಪಾಯಿ. ಅದರ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ 60,000 ಎಂದು ಬರೆದಿರುತ್ತಾರೆ. ಗೆರೆ ಎಳೆಯುವ ಮುಂಚೆ ಆ ಪೂರ್ತಿ ಬೆಲೆ ತೆತ್ತು ಸೇರಿದ ಪುಣ್ಯಾತ್ಮ ಯಾರಾದರೂ ಇದ್ದರೆ ಅವರಿಗೊಂದು ಸಾರ್ವಜನಿಕ ಸನ್ಮಾನ ಆಗಬೇಕು. ನಾನಂತೂ ಇದುವರೆಗೆ ಅಂಥವರನ್ನು ಕಂಡಿಲ್ಲ. ಆ 1,20,000 ಹುಟ್ಟುವಾಗಲೇ ಗೆರೆ ಎಳೆಸಿಕೊಂಡು ಹುಟ್ಟಿದ್ದು.

ಇದೆಲ್ಲ ಹಳೆಯದು. ಈಚಿನ ಹೊಸ ವರ್ಷಗಳಲ್ಲಿ ಹೊಸದಾಗಿ ಕಾಣುವ ಸಂಗತಿ ಬೇರೆ. ಮುಂಚೆ ಈ ಜಾಹೀರಾತುಗಳ ನೆತ್ತಿಯ ಮೇಲೆ 'ಜಾಬ್ ಗ್ಯಾರಂಟಿ' ಎಂದು ಹಳದಿ ಪಟ್ಟಿ ಇರುತ್ತಿತ್ತು. ಈಗ ಹಲವು ಕಡೆ ಆ ಪಟ್ಟಿ ಕಾಣೆಯಾಗಿದೆ. ಕಂಪನಿಗಳಿಗೆ ಇದ್ದಕ್ಕಿದ್ದಂತೆ ಹರಿಶ್ಚಂದ್ರನ ನೆನಪಾಯಿತೆಂದು ಭಾವಿಸಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಬೀಳಬಹುದು. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕೋಚಿಂಗ್ ಜಾಹೀರಾತುಗಳಿಗೆಂದೇ ಮಾರ್ಗಸೂಚಿ ಹೊರಡಿಸಿ, ಆಯ್ಕೆ ಖಚಿತ, ಕೆಲಸ ಖಚಿತ ಎಂಬ ಸುಳ್ಳು ಭರವಸೆಗಳಿಗೆ ತಡೆ ಹಾಕಿತು. ಗೆದ್ದ ಅಭ್ಯರ್ಥಿಯ ಫೋಟೋ ಹಾಕಬೇಕಾದರೆ ಆತ ಗೆದ್ದ ಮೇಲೆ ಲಿಖಿತ ಒಪ್ಪಿಗೆ ಪಡೆಯಬೇಕು, ಆತ ಯಾವ ಕೋರ್ಸು ಎಷ್ಟು ಕಾಲ ಮಾಡಿದ, ದುಡ್ಡು ಕೊಟ್ಟು ಮಾಡಿದನೇ ಎಂಬುದನ್ನೂ ಹೇಳಬೇಕು ಎಂದಿತು. ಜಾಹೀರಾತು ಉದ್ಯಮವೇ ತನ್ನ ಮೇಲೆ ಕಣ್ಣಿಡಲು ಕಟ್ಟಿಕೊಂಡ ಎಎಸ್‌ಸಿಐ ಮಂಡಳಿಯದು ಇನ್ನೂ ಹಳೆಯ ನಿಯಮ: ಕೆಲಸದ ಮಾತೆತ್ತಿದರೆ ಪುರಾವೆ ಇರಬೇಕು, ಜೊತೆಗೆ 'ಹಿಂದಿನ ದಾಖಲೆ ಮುಂದಿನ ಉದ್ಯೋಗಕ್ಕೆ ಖಾತರಿಯಲ್ಲ' ಎಂಬ ಅರ್ಥದ ಸಾಲೂ ಇರಬೇಕು, ಆ ಸಾಲಿನ ಅಕ್ಷರ ಘೋಷಣೆಯ ಅಕ್ಷರಕ್ಕಿಂತ ಚಿಕ್ಕದಿರಬಾರದು.

ಗ್ಯಾರಂಟಿಗಳ ವಿಷಯದಲ್ಲಿ ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಿಲ್ಲ ಬಿಡಿ. ನಮ್ಮ ರಾಜ್ಯ ಸರಕಾರದ ಐದು ಗ್ಯಾರಂಟಿಗಳಲ್ಲಿ ಯುವನಿಧಿಯೂ ಒಂದು. ಓದು ಮುಗಿಸಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅದನ್ನು ಹೊಗಳಿ, ತೆಗಳಿ, ಒಂದು ವಿಷಯ ಒಪ್ಪಬೇಕು: ಕೆಲಸ ಸಿಗುತ್ತದೆಂದು ಅದು ಎಲ್ಲೂ ಹೇಳಲಿಲ್ಲ. ಸಿಗಲಿಲ್ಲವಾದರೆ ಎಷ್ಟು ಕೊಡುತ್ತೇನೆ ಎಂದಷ್ಟೇ ಹೇಳಿತು. ಒಂದು ಚುನಾವಣಾ ಪ್ರಣಾಳಿಕೆ ಕೋರ್ಸಿನ ಜಾಹೀರಾತಿಗಿಂತ ಹೆಚ್ಚು ಎಚ್ಚರದಿಂದ ಮಾತಾಡುವ ಕಾಲ ಬಂದೀತೆಂದು ಯಾರು ತಾನೇ ಎಣಿಸಿದ್ದರು!

ಸರಿ, ಪಟ್ಟಿ ಹೋಯಿತು. ಅದರ ಜಾಗಕ್ಕೆ ಏನು ಬಂತು? ಬೆಂಗಳೂರಿನ ಒಂದು ಆನ್‌ಲೈನ್ ಕೋರ್ಸು ಕಂಪನಿಯಲ್ಲಿ ಜಾಹೀರಾತು ಬರೆಯುವ ಹುಡುಗ ನನಗೆ ಪರಿಚಯ. ಕಂಪನಿಯ ಹೆಸರು ಬೇಡ. ಹೆಸರು ಬೇರೆ ಹಾಕಿದರೂ ಜಾಹೀರಾತು ಅದೇ ಇರುತ್ತದೆ. ಡಿಸೆಂಬರಿನಲ್ಲಿ ನಡೆದ ಅವರ ಮೀಟಿಂಗಿನ ಕಥೆಯನ್ನು ಅವನೇ ಹೇಳಿದ. ಮಾರ್ಕೆಟಿಂಗ್ ಮುಖ್ಯಸ್ಥರು ಶುರುವಿನಲ್ಲೇ ಸೂತ್ರ ಕೊಟ್ಟರಂತೆ: 'ಜಾಬ್ ಗ್ಯಾರಂಟಿ ಅನ್ನೋ ಮಾತು ಎಲ್ಲೂ ಬರಬಾರದು. ಆದರೆ ಓದಿದವನಿಗೆ ಕೆಲಸ ಸಿಕ್ಕೇಬಿಡ್ತು ಅನ್ನಿಸಬೇಕು.' ಇದಕ್ಕಿಂತ ಕಠಿಣವಾದ ಸಮಸ್ಯಾಪೂರ್ತಿಯನ್ನು ಹಳಗನ್ನಡದ ಆಸ್ಥಾನಗಳಲ್ಲೂ ಕೊಟ್ಟಿರಲಿಕ್ಕಿಲ್ಲ.

ಹುಡುಗ ಬುದ್ಧಿವಂತ. ಮೂರು ದಿನದಲ್ಲಿ ಕರಡು ತಂದ. ಎದುರಿಗೆ ಕೂತದ್ದು ಕಾನೂನು ವಿಭಾಗದ ಮೇಡಂ. ಆಕೆಯ ಕೈಯಲ್ಲಿ ಕೆಂಪು ಪೆನ್ನು, ಟೇಬಲ್ಲಿನ ಮೇಲೆ ಸಕ್ಕರೆ ಇಲ್ಲದ ಕಾಫಿ.

ಮೊದಲ ಸಾಲು: '100% ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್'. ಮೇಡಂ ಕೇಳಿದರು, 'ಅಸಿಸ್ಟೆನ್ಸ್ ಅಂದರೆ ಏನು ಮಾಡ್ತೀರಿ?' ರೆಸ್ಯುಮೆಗೆ ಒಂದು ಮಾದರಿ ಕೊಡುತ್ತಾರೆ. ಲಿಂಕ್ಡ್‌ಇನ್ ಪ್ರೊಫೈಲ್ ತಿದ್ದುವುದು ಹೇಗೆಂದು ಒಂದು ವಿಡಿಯೊ ಇದೆ. ಒಂದು ವಾಟ್ಸ್‌ಆ್ಯಪ್ ಗುಂಪಿದೆ, ಅದಕ್ಕೆ ಬೇರೆ ಜಾಬ್ ಪೋರ್ಟಲ್‌ಗಳಲ್ಲಿ ಬಂದ ಜಾಹೀರಾತುಗಳನ್ನು ಫಾರ್ವರ್ಡ್ ಮಾಡುತ್ತಾರೆ. 'ಹಾಗಾದರೆ 100% ಯಾವುದು?' 'ಎಲ್ಲರನ್ನೂ ಗುಂಪಿಗೆ ಸೇರಿಸ್ತೀವಿ ಮೇಡಂ. ಒಬ್ಬರನ್ನೂ ಬಿಡಲ್ಲ.' ಲೆಕ್ಕ ಸರಿಯಾಗಿಯೇ ಇದೆ. ನೂರಕ್ಕೆ ನೂರು ಎಂಬುದು ಪ್ಲೇಸ್‌ಮೆಂಟಿಗೆ ಸೇರಿದ್ದೆಂದು ಓದಿಕೊಂಡರೆ ತಪ್ಪು ಓದುಗನದು.

ಎರಡನೆಯ ಸಾಲಿಗೆ ಬಂದಾಗ ಕಾಫಿ ಆರಿತ್ತು. '90% ಪ್ಲೇಸ್‌ಮೆಂಟ್ ದಾಖಲೆ'. ಇದರ ಹಿಂದಿನ ಲೆಕ್ಕದ ಹಾಳೆಯನ್ನು ಮೇಡಂ ತರಿಸಿದರು. ಈ ಹಾಳೆಯ ಮುಂದೆ ಸ್ವಲ್ಪ ಹೊತ್ತು ಕೂರೋಣ. ಹಣ ಕಟ್ಟುವವರಿಗೆ ಕಾಣಿಸದೆ ಇರುವುದು ಇದೊಂದೇ ಹಾಳೆ.

ಬ್ಯಾಚಿಗೆ ಸೇರಿದವರು 200 ಜನ. ಕೊನೆಯವರೆಗೆ ತರಗತಿಯಲ್ಲಿ ಉಳಿದವರು 110. ಉಳಿದವರ ಪೈಕಿ 'ಪ್ಲೇಸ್‌ಮೆಂಟ್ ಬೇಕು' ಎಂದು ಅರ್ಜಿಯಲ್ಲಿ ಟಿಕ್ ಹಾಕಿದವರು 70. ಟಿಕ್ ಹಾಕಿದರೆ ಸಾಲದು, 'ಅರ್ಹತೆ' ಬೇಕು: ಶೇ 80 ಹಾಜರಿ, ಎಲ್ಲ ಪ್ರಾಜೆಕ್ಟ್ ಸಮಯಕ್ಕೆ ಸಲ್ಲಿಕೆ, ಎರಡು ಅಣಕು ಸಂದರ್ಶನದಲ್ಲಿ ಪಾಸು, ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗೆ ಎಲ್ಲೂ ಶೇ 60ಕ್ಕಿಂತ ಕಡಿಮೆ ಇರಕೂಡದು, ಓದಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಬಿಡುವು ಇರಕೂಡದು. ಈ ಜರಡಿಯಲ್ಲಿ ಉಳಿದವರು 40. ಅವರಲ್ಲಿ 36 ಮಂದಿಗೆ ಏನೋ ಒಂದು ಸಿಕ್ಕಿತು. ಆ ಏನೋ ಒಂದರಲ್ಲಿ ಆರು ಮಂದಿಯದು ಮೂರು ತಿಂಗಳ ಇಂಟರ್ನ್‌ಶಿಪ್. ಇಬ್ಬರು ಕೋರ್ಸಿಗೆ ಸೇರುವ ಮುಂಚೆ ಇದ್ದ ಕಂಪನಿಯಲ್ಲೇ ಬೇರೆ ವಿಭಾಗಕ್ಕೆ ಹೋದವರು. ಒಬ್ಬ ತನ್ನ ಚಿಕ್ಕಪ್ಪನ ಟ್ರಾವೆಲ್ಸ್‌ನಲ್ಲಿ 'ಡೇಟಾ ಅನಲಿಸ್ಟ್'.

40ಕ್ಕೆ 36 ಎಂದರೆ ಶೇ 90. 200ಕ್ಕೆ 36 ಎಂದರೆ ಶೇ 18. ಎರಡೂ ಒಂದೇ ಹಾಳೆಯಲ್ಲಿವೆ, ಎರಡೂ ಗಣಿತದ ಪ್ರಕಾರ ಸರಿ. ಯಾವುದನ್ನು ಕೆಳಗಿಟ್ಟು ಭಾಗಿಸುತ್ತೀರಿ ಎಂಬುದರ ಮೇಲೆ ಕಂಪನಿಯ ಮುಂದಿನ ವರ್ಷದ ಬಂಡವಾಳ ನಿಂತಿದೆ.

'ಉಳಿದ 160 ಜನ ಎಲ್ಲಿ ಹೋದರು?' ಎಂದರು ಮೇಡಂ.

'ಅವರು ಲರ್ನರ್ಸ್ ಮೇಡಂ, ಕ್ಯಾಂಡಿಡೇಟ್ಸ್ ಅಲ್ಲ.'

'ಫೀಸು ಕಟ್ಟಿದ್ದು ಯಾರು?'

'ಲರ್ನರ್ಸ್.'

ಹುಡುಗನನ್ನು ಬೈಯಬೇಡಿ. ಈ ವಿದ್ಯೆ ಅವನ ಆವಿಷ್ಕಾರವಲ್ಲ. ಅಮೆರಿಕದಲ್ಲಿ ಲ್ಯಾಂಬ್ಡಾ ಸ್ಕೂಲ್ ಎಂಬ ಆನ್‌ಲೈನ್ ಕೋಡಿಂಗ್ ಶಾಲೆಯಿತ್ತು, ಆಮೇಲೆ ಬ್ಲೂಮ್‌ಟೆಕ್ ಎಂದು ನಾಮಕರಣವಾಯಿತು. ಕೆಲಸ ಸಿಕ್ಕಮೇಲೆ ಸಂಬಳದಲ್ಲಿ ಪಾಲು ಕೊಡಿ, ಇದು ಸಾಲವಲ್ಲ ಎಂದು ಹೇಳಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಿತ್ತು. ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2024ರ ಏಪ್ರಿಲಿನಲ್ಲಿ ಅದು ಸಾಲವೇ ಎಂದು ಹೇಳಿ, ಶಾಲೆ ಇನ್ನು ಗ್ರಾಹಕರಿಗೆ ಸಾಲ ಕೊಡುವ ವ್ಯವಹಾರವನ್ನೇ ಮಾಡಕೂಡದೆಂದು ಆದೇಶಿಸಿತು. ಜಾಹೀರಾತಿನಲ್ಲಿ ಶೇ 86ರವರೆಗೆ ಏರಿದ್ದ ಪ್ಲೇಸ್‌ಮೆಂಟ್, ಶಾಲೆಯ ಒಳಗಿನ ಲೆಕ್ಕದಲ್ಲಿ ಶೇ 50ರ ಹತ್ತಿರ, ಕೆಲವು ಬ್ಯಾಚಿನಲ್ಲಿ ಶೇ 30. ಇದಕ್ಕಿಂತ ನನಗೆ ಪ್ರಿಯವಾದದ್ದು ಇನ್ನೊಂದು. ಒಂದು ಬ್ಯಾಚಿನಲ್ಲಿ ನೂರಕ್ಕೆ ನೂರು ಪ್ಲೇಸ್‌ಮೆಂಟ್ ಆಯಿತೆಂದು ಶಾಲೆಯ ಮುಖ್ಯಸ್ಥರು ಟ್ವೀಟ್ ಮಾಡಿದ್ದರು. ಆ ಲೆಕ್ಕಕ್ಕೆ ಸಿಕ್ಕ ವಿದ್ಯಾರ್ಥಿಗಳ ಸಂಖ್ಯೆ ಒಂದು ಎಂದು ಆಮೇಲೆ ಖಾಸಗಿ ಸಂದೇಶದಲ್ಲಿ ತಾವೇ ಒಪ್ಪಿಕೊಂಡಿದ್ದರು. ಒಬ್ಬನೇ ವಿದ್ಯಾರ್ಥಿ, ಅವನಿಗೆ ಕೆಲಸ ಸಿಕ್ಕಿತು, ನೂರಕ್ಕೆ ನೂರು. ನಮ್ಮ ಹುಡುಗ ಪಾಪ, 40 ಜನರನ್ನಾದರೂ ಇಟ್ಟುಕೊಂಡಿದ್ದ.

ಸಂಬಳದ ಸಾಲಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. 'ಸರಾಸರಿ ಸಂಬಳ 7 ಲಕ್ಷ, ಗರಿಷ್ಠ 34 ಲಕ್ಷ'. ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ವರ್ಷಕ್ಕೆ 4 ಲಕ್ಷ, ಒಬ್ಬನಿಗೆ 34 ಲಕ್ಷ. ಕೂಡಿಸಿ ಭಾಗಿಸಿದರೆ 7. ಆ ಹತ್ತು ಜನರಲ್ಲಿ 7 ಲಕ್ಷ ಪಡೆಯುವವನು ಒಬ್ಬನೂ ಇಲ್ಲ. 34 ಲಕ್ಷದವನು ಎಂಟು ವರ್ಷ ಅನುಭವವಿದ್ದು, ಟೈಂಪಾಸಿಗೆ ಕೋರ್ಸು ಸೇರಿದವನು. ಹತ್ತೂ ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ ನಟ್ಟನಡುವಿನವರಿಗೆ ಎಷ್ಟು ಎಂದು ಕೇಳಿದರೆ 4 ಲಕ್ಷ ಎಂದು ತಕ್ಷಣ ಗೊತ್ತಾಗುತ್ತದೆ. ಆ ಅಂಕಿಯನ್ನು ಹಾಕಲು ಜಾಹೀರಾತಿನಲ್ಲಿ ಜಾಗ ಇರಲಿಲ್ಲವಂತೆ.

ಕೆಳಗೆ ದೊಡ್ಡ ದೊಡ್ಡ ಕಂಪನಿಗಳ ಲೋಗೊಗಳ ಸಾಲು. 'ನಮ್ಮ ವಿದ್ಯಾರ್ಥಿಗಳು ಇಲ್ಲಿ ಕೆಲಸ ಮಾಡುತ್ತಾರೆ'. ನಿಜ, ಮಾಡುತ್ತಾರೆ. ಅವರಲ್ಲಿ ಬಹುಪಾಲು ಜನ ಅಲ್ಲಿ ಕೆಲಸ ಮಾಡುತ್ತಲೇ ಕೋರ್ಸಿಗೆ ಸೇರಿದವರು. ಕೋರ್ಸು ಮುಗಿದ ಮೇಲೂ ಕಂಪನಿ ಅವರನ್ನು ತೆಗೆದುಹಾಕಿಲ್ಲ ಎಂಬುದಷ್ಟೇ ಈ ಸಾಲಿನ ಸಾಧನೆ.

ಒಂದು ಸಾಲನ್ನಂತೂ ಹುಡುಗ ಬಹಳ ಆಸೆಯಿಂದ ಬರೆದಿದ್ದ: 'ಕೆಲಸ ಸಿಗದಿದ್ದರೆ ಹಣ ವಾಪಸ್'. ಇದು ಗ್ಯಾರಂಟಿಯಲ್ಲ, ಗ್ಯಾರಂಟಿಯ ಸೋದರತ್ತೆಯ ಮಗ. ಮೇಡಂ ಷರತ್ತಿನ ಪುಟ ತಿರುವಿದರು. ಕೋರ್ಸು ಮುಗಿದು 180 ದಿನ ಕಾಯಬೇಕು. ಆ ಅವಧಿಯಲ್ಲಿ ವಾರಕ್ಕೆ ಹತ್ತು ಕಡೆ ಅರ್ಜಿ ಹಾಕಿ, ಪ್ರತಿಯೊಂದರ ಸ್ಕ್ರೀನ್‌ಶಾಟ್ ಕಳಿಸಬೇಕು. ಒಂದು ವಾರ ತಪ್ಪಿದರೆ ಹಕ್ಕು ಹೋಯಿತು. ದೇಶದ ಯಾವ ಮೂಲೆಯಲ್ಲೇ ಆಗಲಿ, 3 ಲಕ್ಷಕ್ಕೆ ಮೇಲಿನ ಯಾವ ಕೆಲಸ ಬಂದರೂ ಒಲ್ಲೆ ಎನ್ನುವಂತಿಲ್ಲ. 180 ದಿನ ಮುಗಿದ ಏಳು ದಿನದೊಳಗೆ ಅರ್ಜಿ ಸಲ್ಲಿಸಬೇಕು. ಇಷ್ಟನ್ನೂ ತಪ್ಪದೆ ಮಾಡುವ ಶಿಸ್ತಿನ ಮನುಷ್ಯನಿಗೆ ಕೋರ್ಸಿನ ಅಗತ್ಯವೇ ಇಲ್ಲ, ಅವನನ್ನು ಯಾವ ಕಚೇರಿಯವರಾದರೂ ಕರೆದು ಕೂರಿಸಿಕೊಳ್ಳುತ್ತಾರೆ. ಕೆಂಪು ಪೆನ್ನು ಈ ಸಾಲಿನ ಮೇಲೆ ಎರಡು ಸಲ ಓಡಿತು.

ಇನ್ನು ಗಡಿಯಾರ. 'ಹೊಸ ವರ್ಷದ ಆಫರ್ ಮುಗಿಯಲು 23 ಗಂಟೆ 59 ನಿಮಿಷ 41 ಸೆಕೆಂಡು' ಎಂದು ಕೆಂಪಕ್ಷರದಲ್ಲಿ ಕ್ಷಣಕ್ಷಣವೂ ಕರಗುವ ಗಡಿಯಾರ ಅದು. ನೋಡಿದವರಿಗೆ ಎದೆ ಬಡಿತ ಏರಬೇಕು. ಮೇಡಂ ತಾಂತ್ರಿಕ ವಿಭಾಗದಿಂದ ಆ ಗಡಿಯಾರದ ಒಳಗನ್ನು ತರಿಸಿದರು. ಇಡೀ ಯಂತ್ರದ ಹೃದಯ ಒಂದೇ ಸಾಲು:

```js
const offerEnds = Date.now() + 24 * 60 * 60 * 1000;
```

`Date.now()` ಎಂದರೆ ನೀವು ಪುಟ ತೆರೆದ ಕ್ಷಣ. ಅದಕ್ಕೆ 24 ಗಂಟೆ ಕೂಡಿಸಿದರೆ ಆಫರಿನ ಕೊನೆ. ಅಂದರೆ ಆಫರ್ ಮುಗಿಯುವುದು ನೀವು ಪುಟ ತೆರೆದು ಒಂದು ದಿನದ ನಂತರ, ನಾಳೆ ಮತ್ತೆ ತೆರೆದರೆ ನಾಡಿದ್ದು. ಯಾರೂ ಪುಟ ತೆರೆಯದಿದ್ದರೆ ಆಫರ್ ಅಜರಾಮರ. ಇದನ್ನು ಪತ್ತೆಹಚ್ಚಲು ಕೋಡ್ ಓದಲು ಬರಬೇಕೆಂದಿಲ್ಲ. ಪುಟ ಮುಚ್ಚಿ, ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲೋ ಮನೆಯವರ ಮೊಬೈಲಿನಲ್ಲೋ ಮತ್ತೆ ತೆರೆಯಿರಿ. ಗಡಿಯಾರ ಹೊಸದಾಗಿ 24 ಗಂಟೆಯಿಂದ ಶುರುವಾದರೆ ಅದರ ಯೋಗ್ಯತೆ ಅಷ್ಟು. ಹೀಗೆ ಸುಳ್ಳು ಅವಸರ ಹುಟ್ಟಿಸುವುದನ್ನು 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಹದಿಮೂರು ಮೋಸದ ವಿನ್ಯಾಸಗಳ ಪಟ್ಟಿಯಲ್ಲಿ ಸೇರಿಸಿ ನಿಷೇಧಿಸಿದೆ. ಹುಡುಗ ಗೋಗರೆದ, 'ಮೇಡಂ, ಇದು ತೆಗೆದರೆ ಜನ ಯೋಚನೆ ಮಾಡೋಕೆ ಶುರು ಮಾಡ್ತಾರೆ.' ಮೇಡಂ, 'ಹೂಂ, ಅದಕ್ಕೇ' ಎಂದರು.

ಕರಡಿನಲ್ಲಿ ಹೊಡೆಯದೆ ಉಳಿದದ್ದು ಕಂಪನಿಯ ಹೆಸರು, ಹೊಸ ವರ್ಷದ ಶುಭಾಶಯ ಮತ್ತು ಜಿಎಸ್‌ಟಿ. ಮಾರ್ಕೆಟಿಂಗ್ ಮುಖ್ಯಸ್ಥರು ತಲೆ ಹಿಡಿದುಕೊಂಡು, 'ಹಾಗಾದರೆ ನೀವೇ ಬರೀರಿ ಮೇಡಂ' ಎಂದರು. ಆಕೆ ನಿಜಕ್ಕೂ ಬರೆದರು. ಹುಡುಗ ಅದರ ಫೋಟೋ ತೆಗೆದಿಟ್ಟುಕೊಂಡಿದ್ದ, ನನಗೂ ತೋರಿಸಿದ.

ಅದರಲ್ಲಿದ್ದದ್ದು ಹೆಚ್ಚುಕಡಿಮೆ ಇಷ್ಟು. ಆರು ತಿಂಗಳ ಕೋರ್ಸು, ಶನಿವಾರ-ಭಾನುವಾರ ಎರಡೆರಡು ಗಂಟೆ ನೇರ ತರಗತಿ, ಉಳಿದದ್ದು ರೆಕಾರ್ಡಿಂಗ್. ಪಾಠ ಮಾಡುವವರ ಹೆಸರು, ಅವರು ಈಗ ಏನು ಕೆಲಸ ಮಾಡುತ್ತಿದ್ದಾರೆ ಎಂಬ ವಿವರ. ಒಬ್ಬ ಮಾರ್ಗದರ್ಶಿಗೆ ಮೂವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಲ್ಲ. ಅನುಮಾನ ಕೇಳಿದರೆ ಎರಡು ದಿನದೊಳಗೆ ಉತ್ತರ. ಸೇರುವ ಮುಂಚೆ ಏನು ಗೊತ್ತಿರಬೇಕು: ಪಿಯುಸಿ ಮಟ್ಟದ ಗಣಿತ, ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವಷ್ಟು, ಮೊಬೈಲ್ ಸಾಲದು, ಲ್ಯಾಪ್‌ಟಾಪ್ ಬೇಕು. ಹಿಂದಿನ ಬ್ಯಾಚಿನಲ್ಲಿ ಸೇರಿದವರು 200, ಮುಗಿಸಿದವರು 110, ಮುಗಿಸಿ ಆರು ತಿಂಗಳೊಳಗೆ ಸಂಬಂಧಪಟ್ಟ ಪೂರ್ಣಾವಧಿ ಕೆಲಸಕ್ಕೆ ಸೇರಿದ್ದಾಗಿ ನಮಗೆ ತಿಳಿಸಿದವರು 27, ಅವರ ಪೈಕಿ ನಡುವಿನವರ ಸಂಬಳ 4 ಲಕ್ಷ. ಕೆಲಸ ಕೊಡಿಸುವುದು ನಮ್ಮ ಕೈಯಲ್ಲಿಲ್ಲ. ಹೊಸ ವರ್ಷದ ರಿಯಾಯಿತಿ ಶೇ 10, ಜನವರಿ 31ರ ಮಧ್ಯರಾತ್ರಿವರೆಗೆ, ಫೆಬ್ರವರಿ 1ರಿಂದ ಬೆಲೆ ಮೊದಲಿನಂತೆ. ಹಣ ವಾಪಸ್ ಪಡೆಯುವ ಅವಧಿ ನೀವು ಹಣ ಕಟ್ಟಿದ ದಿನದಿಂದಲ್ಲ, ಮೊದಲ ತರಗತಿ ನಡೆದ ದಿನದಿಂದ 14 ದಿನ.

ಈ ಕೊನೆಯ ವಾಕ್ಯವನ್ನು ಓದಿ ಮಾರ್ಕೆಟಿಂಗ್ ಮುಖ್ಯಸ್ಥರ ಮುಖ ಬಿಳಿಚಿತಂತೆ. ಕಾರಣವಿದೆ. ಆಗಿದ್ದ ನಿಯಮದಲ್ಲಿ ವಾಪಸಾತಿ ಅವಧಿ ಹಣ ಕಟ್ಟಿದ ದಿನದಿಂದ 7 ದಿನ. ಜನವರಿ 1ರಂದು ಹುರುಪಿನಲ್ಲಿ ಕಟ್ಟಿದವನ ಅವಧಿ 8ಕ್ಕೆ ಮುಗಿಯುತ್ತದೆ. ಬ್ಯಾಚು ಶುರುವಾಗುವುದು 17ಕ್ಕೆ. ಪಾಠ ಹೇಗಿದೆ ಎಂದು ತಿಳಿಯುವ ಮುಂಚೆಯೇ ಪಾಠ ಬೇಡವೆನ್ನುವ ಹಕ್ಕು ತೀರಿಹೋಗಿರುತ್ತದೆ. ಹಣ ಕಟ್ಟುವವರು ಜಾಹೀರಾತಿನ ಮಿಕ್ಕದ್ದನ್ನೆಲ್ಲ ಬಿಟ್ಟು ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಕಂಪನಿಗೆ ತನ್ನ ಪಾಠದ ಮೇಲೆ ಎಷ್ಟು ನಂಬಿಕೆ ಇದೆ ಎಂಬುದು ಗೊತ್ತಾಗುತ್ತದೆ.

ಕೋರ್ಸು ಮುಗಿಸಿದವರ ಸಂಖ್ಯೆ ಹಾಕಲು ಈ ಕಂಪನಿಗಳಿಗೆ ನಾಚಿಕೆ. ಅದರಲ್ಲಿ ನಾಚಿಕೆ ಏನಿದೆಯೋ ತಿಳಿಯದು. ಹಾರ್ವರ್ಡ್ ಮತ್ತು ಎಂಐಟಿ ನಡೆಸಿದ ಉಚಿತ ಆನ್‌ಲೈನ್ ಕೋರ್ಸುಗಳ ಲೆಕ್ಕ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತ್ತು. 2017-18ರಲ್ಲಿ ಸೇರಿದವರೆಲ್ಲರ ಪೈಕಿ ಮುಗಿಸಿದವರು ನೂರಕ್ಕೆ ಮೂವರ ಆಸುಪಾಸು. ಪ್ರಮಾಣಪತ್ರಕ್ಕೆಂದು ದುಡ್ಡು ಕೊಟ್ಟವರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಪ್ರಪಂಚದ ಹೆಸರಾಂತ ವಿಶ್ವವಿದ್ಯಾಲಯಗಳೇ ಈ ಅಂಕಿಯನ್ನು ಬಿಚ್ಚಿಟ್ಟು ಸುಖವಾಗಿವೆ.

ನಮ್ಮಲ್ಲೇ ಎನ್‌ಪಿಟೆಲ್ ಇದೆ, ಐಐಟಿಗಳೂ ಐಐಎಸ್‌ಸಿಯೂ ಸೇರಿ ನಡೆಸುವುದು. ಜನವರಿಗೆ ಅದರದೂ ಹೊಸ ಸರದಿ ಶುರುವಾಗುತ್ತದೆ. ಪಾಠ ಪುಕ್ಕಟೆ. ಪ್ರಮಾಣಪತ್ರ ಬೇಕಿದ್ದವರು ಕೋರ್ಸಿಗೆ 1,000 ರೂಪಾಯಿ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಖುದ್ದಾಗಿ ಹೋಗಿ, ಮೇಲ್ವಿಚಾರಕರ ಕಣ್ಣೆದುರು ಕೂತು ಬರೆಯಬೇಕು. ಅಲ್ಲೂ ನೋಂದಣಿಗೆ ಕೊನೆಯ ದಿನಾಂಕವಿದೆ, ಆದರೆ ಅದು ನೀವು ಪುಟ ತೆರೆದಾಗಲೆಲ್ಲ ಮುಂದಕ್ಕೆ ಸರಿಯುವುದಿಲ್ಲ. ಯಾವ ಪ್ರೊಫೆಸರೂ ನಿಮ್ಮ ಸಂಬಳವನ್ನು ವಿಚಾರಿಸುವುದಿಲ್ಲ. ಅವರ ವಿಡಿಯೊಗಳು ಕೆಲವೊಮ್ಮೆ ನಿದ್ದೆ ತರಿಸುತ್ತವೆ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ನಿದ್ದೆಗೆ ಮಾಸಿಕ ಕಂತು ಇಲ್ಲ.

ಮೇಡಂ ಬರೆದದ್ದು ಕೊನೆಗೆ ಅಚ್ಚಾಯಿತೇ? ಪೂರ್ತಿ ಅಲ್ಲ. ಗ್ಯಾರಂಟಿ ಹೋಯಿತು, ಗಡಿಯಾರ ಹೋಯಿತು, 90% ಹೋಯಿತು. ಷರತ್ತಿನ ಸಾಲು ದೊಡ್ಡ ಅಕ್ಷರದಲ್ಲಿ ಬಂತು. ಜಾಹೀರಾತು ಅಷ್ಟು ಶುದ್ಧವಾಗಿತ್ತೆಂದರೆ ಅದನ್ನು ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಬಹುದಿತ್ತು. ತೆಗೆದುಹಾಕಿದ್ದೆಲ್ಲ ಏನಾಯಿತು ಎಂದರೆ, ಒಂದು ಮಹಡಿ ಕೆಳಗಿಳಿದು ಫೋನು ಹಿಡಿದು ಕೂತವರ ಬಾಯಿಗೆ ಹೋಯಿತು. ಅವರನ್ನು ಸೇಲ್ಸ್‌ನವರು ಎಂದು ಕರೆಯುವಂತಿಲ್ಲ. ಅವರು 'ಕರಿಯರ್ ಕೌನ್ಸೆಲರ್'ಗಳು. ಕಾನೂನು ವಿಭಾಗ ಅಚ್ಚಾದದ್ದನ್ನು ಓದುತ್ತದೆ. ಫೋನಿನಲ್ಲಿ ಆಡಿದ್ದನ್ನು ಯಾರು ಓದುತ್ತಾರೆ?

ಅಂಥ ಒಂದು ಫೋನು ಹಿರಿಯೂರು ಕಡೆಯ ಒಂದು ಮನೆಗೆ ಹೋಯಿತು. ಬಿಎಸ್ಸಿ ಮುಗಿಸಿದ ಹುಡುಗ ಪುಟದಲ್ಲಿ ತನ್ನ ನಂಬರು ಹಾಕಿದ್ದ. ಎರಡು ಕರೆಯಲ್ಲೇ ಅವನು ಅರ್ಧ ಒಪ್ಪಿಯೂ ಬಿಟ್ಟಿದ್ದ. ಮೂರನೆಯ ಕರೆಯನ್ನು ಅವನ ಅಪ್ಪ ಎತ್ತಿಕೊಂಡರು. ಅವರು ಊರಿನ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಕಾರ್ಯದರ್ಶಿ. ಸಾಲ ಕೊಟ್ಟು, ವಸೂಲಿ ಮಾಡಿ, ಸುಸ್ತಿದಾರರ ನೆಪಗಳನ್ನೆಲ್ಲ ಕೇಳಿ ಕಿವಿ ಗಟ್ಟಿಯಾದವರು. ಆಗ ನಡೆದ ಮಾತುಕತೆಯನ್ನು ಮಗ ಸ್ಪೀಕರಿನಲ್ಲಿ ಕೇಳಿಸಿಕೊಂಡಿದ್ದ.

'ಅಂಕಲ್, 60,000 ಪ್ಲಸ್ ಜಿಎಸ್‌ಟಿ. 70,800 ಆಗುತ್ತೆ. ಆದರೆ ನೀವು ಈಗ ಕಟ್ಟೋದೇ ಬೇಡ. ನೋ ಕಾಸ್ಟ್ ಇಎಂಐ. ತಿಂಗಳಿಗೆ 5,900, ಹನ್ನೆರಡು ತಿಂಗಳು. ಬಡ್ಡಿ ಇಲ್ಲ.'

'ಬಡ್ಡಿ ಇಲ್ಲ ಅಂದ್ರೆ ಸಾಲ ಕೊಡೋನು ಏನ್ ತಿಂತಾನಪ್ಪ?'

'ಅದನ್ನ ಕಂಪನಿ ನೋಡ್ಕೊಳ್ಳುತ್ತೆ ಅಂಕಲ್.'

'ಕಂಪನಿ ಹೆಂಗೆ ನೋಡ್ಕೊಳ್ಳುತ್ತೆ? ಬೆಲೇಲಿ ಸೇರಿಸಿರುತ್ತೆ ತಾನೆ? ನಾನು ಈಗಲೇ ಪೂರ್ತಿ ನಗದು ಕೊಟ್ಟರೆ ಆ ಬಡ್ಡಿಯಷ್ಟು ಕಳೀತೀರೇನು?'

ಕೌನ್ಸೆಲರ್ ತುಸು ತಡವರಿಸಿದ. ಅವನಿಗೆ ಕಲಿಸಿದ ಉತ್ತರಗಳಲ್ಲಿ ಇದು ಇರಲಿಲ್ಲ. ಈ ಪ್ರಶ್ನೆ ಹೊಸದೇನಲ್ಲ. ಸೊನ್ನೆ ಬಡ್ಡಿ ಎಂಬ ವಸ್ತುವೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಅಡಗಿಸಬೇಡಿ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು.

'ಸಾಲ ಯಾರ ಹೆಸರಲ್ಲಿ?'

'ಸ್ಟೂಡೆಂಟಿಗೆ ಆದಾಯ ಇಲ್ಲವಲ್ಲ ಅಂಕಲ್, ನಿಮ್ಮ ಹೆಸರಲ್ಲಿ ಮಾಡ್ತೀವಿ. ಒಂದು ಒಟಿಪಿ ಬರುತ್ತೆ, ಹೇಳಿಬಿಡಿ. ಕಂತು ಅಕೌಂಟಿಂದ ತಾನಾಗೇ ಹೋಗುತ್ತೆ, ನಿಮಗೇನೂ ತಲೆನೋವಿಲ್ಲ.'

ಹೀಗೆ ತಾನಾಗೇ ಹಣ ಹೋಗುವ ಏರ್ಪಾಡಿಗೆ ಒಪ್ಪುವ ಮುಂಚೆ ಯೋಚಿಸಿ, ಗೊತ್ತಿಲ್ಲದೆ ಸಾಲಕ್ಕೆ ಸಹಿ ಹಾಕಬೇಡಿ ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್ 23ರಂದೇ ಪೋಷಕರನ್ನು ಎಚ್ಚರಿಸಿತ್ತು. ಕಾರ್ಯದರ್ಶಿಯವರು ಅದನ್ನು ಓದಿದ್ದರೋ ಇಲ್ಲವೋ. ಅವರಿಗೆ ಸಂಘದ ಕಡತಗಳೇ ಸಾಕಿತ್ತು.

'ಹುಡುಗ ಎರಡು ತಿಂಗಳಿಗೆ ಬೇಡ ಅಂತ ಬಿಟ್ಟ ಅಂದ್ಕೊ. ಕಂತು ನಿಲ್ಲುತ್ತಾ?'

'ಅದು... ಲೋನು ಬೇರೆ ಫೈನಾನ್ಸ್ ಕಂಪನೀದು ಅಂಕಲ್. ಕೋರ್ಸು ನಮ್ಮದು.'

'ಪಾಠ ಒಬ್ಬರದು, ಸಾಲ ಒಬ್ಬರದು. ಪಾಠ ನಿಂತರೂ ಸಾಲ ನಿಲ್ಲಲ್ಲ. ಕಟ್ಟದಿದ್ರೆ ನನ್ನ ಸಿಬಿಲ್ ಹೋಗುತ್ತೆ. ಸರಿ, ಈ ಕಡೆ ನಾನು ಜಾಮೀನು ಆದೆ. ಆ ಕಡೆ ಕೆಲಸಕ್ಕೆ ಜಾಮೀನು ಯಾರು?'

ಕೌನ್ಸೆಲರ್ ದನಿ ತಗ್ಗಿಸಿದ. ಗುಟ್ಟು ಹೇಳುವವನ ದನಿ.

'ಅಂಕಲ್, ಗ್ಯಾರಂಟಿ ಅಂತ ನಾವು ಹೇಳೋ ಹಂಗಿಲ್ಲ, ರೂಲ್ಸ್ ಇದೆ. ಆದರೆ ನಮ್ಮಲ್ಲಿ ಓದಿ ಕೆಲಸ ಸಿಗದೇ ಇರೋರು ಒಬ್ಬರೂ ಇಲ್ಲ. ಆರು ತಿಂಗಳಿಗೆ ನಿಮ್ಮ ಮಗ ಬೆಂಗಳೂರಲ್ಲಿ, ಕಮ್ಮಿ ಅಂದ್ರೂ ಏಳು ಲಕ್ಷ. ಇದು ನಿಮಗೆ ನಾನು ಪರ್ಸನಲ್ಲಾಗಿ ಹೇಳ್ತಾ ಇರೋದು.'

'ಒಳ್ಳೇದಾಯ್ತು ಬಿಡಪ್ಪ. ಈಗ ಹೇಳಿದ್ಯಲ್ಲ, ಅದನ್ನೇ ಎರಡು ಸಾಲು ಬರೆದು ಕಂಪನಿ ಮೇಲ್‌ನಿಂದ ಕಳಿಸು. ಬಂದ ತಕ್ಷಣ ಒಟಿಪಿ ಹೇಳ್ತೀನಿ.'

'ಮೇಲ್‌ನಲ್ಲಿ ಕಷ್ಟ ಅಂಕಲ್. ಬ್ರೋಶರ್ ಕಳಿಸ್ತೀನಿ, ಅದರಲ್ಲಿ ಎಲ್ಲ ಇದೆ.'

'ಬ್ರೋಶರ್ ಮಗ ತೋರಿಸಿದ್ದಾನೆ. ಅದರಲ್ಲಿ ಕೆಲಸಕ್ಕೆ ಖಾತರಿ ಇಲ್ಲ ಅಂತ ದಪ್ಪಕ್ಷರದಲ್ಲಿ ಹಾಕಿದ್ದೀರಿ. ನೀನು ಬಾಯಲ್ಲಿ ಹೇಳಿದ್ದು ಬೇಕು ನನಗೆ.'

'ಬರೆದು ಕೊಡೋಕೆ ನಮ್ಮ ಲೀಗಲ್‌ನೋರು ಬಿಡಲ್ಲ ಅಂಕಲ್.'

'ಹಂಗಾದ್ರೆ ಆ ಲೀಗಲ್‌ನೋರ ನಂಬರ್ ಕೊಡಪ್ಪ. ಫೀಸು ಕಟ್ಟೋದಾ ಬಿಡೋದಾ ಅಂತ ಅವರನ್ನೇ ಕೇಳ್ತೀನಿ.'